ದೊಡ್ಡವರ ಅಸ್ತಮಾ: ಪಂಪ್ ಡೋಸ್ ಯಾವಾಗ ಏರಿಸೋದು, ಯಾವಾಗ ಇಳಿಸೋದು, ಕಂಟ್ರೋಲ್ ಇದೆಯಾ ಅಂತ ಹೇಗೆ ನೋಡೋದು? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಚೆಸ್ಟ್ ಓಪಿಡಿಯಲ್ಲಿ ಕೂರೋ ಡಾಕ್ಟರ್. ವಾರ ವಾರ ಇದೇ ಪ್ರಶ್ನೆಗಳು ಬರ್ತವೆ, ಆದ್ರೆ ಕ್ಯೂ ಉದ್ದ ಇರುವಾಗ ಒಬ್ಬೊಬ್ಬರಿಗೂ ಪೂರ್ತಿ ಉತ್ತರ ಕೊಡೋಕೆ ಆಗಲ್ಲ, ಅದಕ್ಕೆ ಇಲ್ಲಿ ಕೂತು ಬರೀತಿದೀನಿ. ಇದು ದೊಡ್ಡವರಿಗೆ ಮಾತ್ರ, ಮಕ್ಕಳ ಲೆಕ್ಕ ಬೇರೆ. ಎಲ್ಲಾ ಔಷಧಿ ಬಗ್ಗೆಯೂ ಬರಿಯೋಕೆ ಹೋಗಿಲ್ಲ. ಈಗ ಮೊದಲ ಆಯ್ಕೆ ಅಂತ ಒಪ್ಪಿಕೊಂಡಿರೋ ಬುಡೆಸೊನೈಡ್-ಫಾರ್ಮೊಟೆರಾಲ್ ಪಂಪ್ ಹಿಡ್ಕೊಂಡೇ ಹೇಳ್ತೀನಿ.

ದಮ್ಮು ಬಂದಾಗ ನೀಲಿ ಪಂಪ್ ಹೊಡೆದ್ರೆ ಐದು ನಿಮಿಷದಲ್ಲಿ ಸರಿಹೋಗುತ್ತೆ. ಮತ್ತೆ ಬೇರೆ ಪಂಪ್ ಯಾಕೆ?

ನೀಲಿ ಪಂಪಲ್ಲಿ ಇರೋದು ಸಾಲ್ಬುಟಮಾಲ್. ಶ್ವಾಸನಾಳದ ಸುತ್ತ ಬಿಗಿದ ಸ್ನಾಯು ಸಡಿಲ ಮಾಡೋದಷ್ಟೇ ಅದರ ಕೆಲಸ. ಆದ್ರೆ ಅಸ್ತಮಾ ಅಂದ್ರೆ ಬರೀ ಬಿಗಿತ ಅಲ್ಲ, ನಾಳದ ಒಳಪದರ ಊದ್ಕೊಂಡು ಕೆಂಪಾಗಿ ಕಫ ಸುರಿಸ್ತಾ ಇರುತ್ತೆ, ನಿಮಗೆ ಆರಾಮಾಗಿದೆ ಅನ್ನಿಸೋ ದಿನವೂ ಆ ಊತ ಅಲ್ಲೇ ಇರುತ್ತೆ. ಸಾಲ್ಬುಟಮಾಲ್ ಅದನ್ನ ಮುಟ್ಟೋದೇ ಇಲ್ಲ. ಇನ್ನೊಂದು, ಅದನ್ನ ಒಂದೇ ಸಮ ದಿನಾ ಬಳಸ್ತಾ ಹೋದ್ರೆ ದೇಹ ಅದಕ್ಕೆ ಒಗ್ಗಿಹೋಗುತ್ತೆ, ನಾಳ ಇನ್ನೂ ಸೂಕ್ಷ್ಮ ಆಗುತ್ತೆ, ಒಂದು ಪಫ್ ಸಾಕಾಗ್ತಿದ್ದ ಕಡೆ ನಾಲ್ಕು ಬೇಕಾಗುತ್ತೆ.

ಇದು ಬರೀ ಥಿಯರಿ ಅಲ್ಲ. ಬ್ರಿಟನ್ನಲ್ಲಿ ಅಸ್ತಮಾದಿಂದ ಸತ್ತವರ ಬಗ್ಗೆ ಒಂದು ದೊಡ್ಡ ತನಿಖೆ ಮಾಡಿ 2014ರಲ್ಲಿ ರಿಪೋರ್ಟ್ ಹೊರಗೆ ತಂದ್ರು. ಯಾರ ಪಂಪ್ ಲೆಕ್ಕ ಸಿಕ್ಕಿತ್ತೋ ಅಂಥವರಲ್ಲಿ ನೂರಕ್ಕೆ 39 ಜನ ಸಾಯೋ ಹಿಂದಿನ ಒಂದು ವರ್ಷದಲ್ಲಿ 12ಕ್ಕಿಂತ ಹೆಚ್ಚು ರಿಲೀವರ್ ಪಂಪ್, ಅಂದ್ರೆ ದಮ್ಮು ಬಂದಾಗ ತಕ್ಷಣ ಇಳಿಸೋ ನೀಲಿ ಪಂಪಿನಂಥದ್ದು, ಬರೆಸ್ಕೊಂಡಿದ್ರು. ಜೀನಾ ಅಂತ ಒಂದು ಅಂತಾರಾಷ್ಟ್ರೀಯ ಅಸ್ತಮಾ ಸಂಸ್ಥೆ ಇದೆ, ಇಲ್ಲಿನ ಡಾಕ್ಟರುಗಳೂ ಹೆಚ್ಚಾಗಿ ಅವರ ಗೈಡ್‌ಲೈನ್ ನೋಡೋದು. ಸಾಲ್ಬುಟಮಾಲ್ ಒಂದನ್ನೇ ಕೊಟ್ಟು ಅಸ್ತಮಾ ನೋಡ್ಕೊಳ್ಳೋದು ಬೇಡ ಅಂತ 2019ರಲ್ಲಿ ಅವರೇ ಹೇಳಿಬಿಟ್ರು. ವರ್ಷಕ್ಕೆ 200 ಪಫ್ಪಿನ ಮೂರು ನೀಲಿ ಪಂಪ್ ಖಾಲಿ ಮಾಡ್ತಿದೀರಿ ಅಂದ್ರೆ ದೊಡ್ಡ ಅಟ್ಯಾಕ್ ಬರೋ ಅಪಾಯ ಹೆಚ್ಚು ಅಂತಲೇ ಲೆಕ್ಕ.

ಹಾಗಾದ್ರೆ ಈ ಒಂದೇ ಪಂಪ್ ಪದ್ಧತಿ ಏನು?

ಬುಡೆಸೊನೈಡ್ ಅನ್ನೋದು ಊತ ಇಳಿಸೋ ಸ್ಟೀರಾಯ್ಡ್, ಫಾರ್ಮೊಟೆರಾಲ್ ಅನ್ನೋದು ನಾಳ ಅಗಲಿಸೋ ಔಷಧಿ. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುತ್ತೆ, ಜೊತೆಗೆ ಹನ್ನೆರಡು ಗಂಟೆ ಹಿಡಿಯುತ್ತೆ. ಅದಕ್ಕೇ ಇದೇ ಪಂಪನ್ನ ದಿನಾ ತಗೊಳ್ಳೋಕೂ ಬಳಸಬಹುದು, ದಮ್ಮು ಬಂದಾಗಲೂ ಬಳಸಬಹುದು, ಪ್ರತಿ ಪಫ್ ಜೊತೆ ಒಂದಷ್ಟು ಸ್ಟೀರಾಯ್ಡೂ ಒಳಗೆ ಹೋಗುತ್ತೆ. ಉಸಿರು ಕೆಡ್ತಾ ಇರೋ ದಿನವೇ ಊತಕ್ಕೂ ಹೆಚ್ಚು ಔಷಧಿ ಸಿಗುತ್ತೆ ಅನ್ನೋದೇ ಇದರ ಜೀವಾಳ.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಎಡವಟ್ಟಾಗೋದು ಇಲ್ಲೇ. ಈ ಲೆಕ್ಕ ನಡೆಯೋದು 200/6 ಅಂತ ಬರೆದಿರೋ ಪಂಪಲ್ಲಿ, ಅಂದ್ರೆ ಪಫ್ಪಿಗೆ ಬುಡೆಸೊನೈಡ್ 200 ಮೈಕ್ರೋಗ್ರಾಂ, ಫಾರ್ಮೊಟೆರಾಲ್ 6. ಅದೇ ಹೆಸರಿನ 400ರ ಪಂಪ್ ಬೇಕಾದಾಗ ಹೊಡ್ಕೊಳ್ಳೋಕೆ ಅಲ್ಲ. ಹಾಗೇ ಸಾಲ್ಮೆಟೆರಾಲ್-ಫ್ಲುಟಿಕಾಸೋನ್ ಪಂಪ್ ತಗೊಳ್ತಿರೋರು ಅದನ್ನ ಈ ಥರ ಬಳಸೋ ಹಾಗಿಲ್ಲ, ಸಾಲ್ಮೆಟೆರಾಲ್ ನಿಧಾನಕ್ಕೆ ಕೆಲಸ ಮಾಡೋದು, ಅವರಿಗೆ ಬೇರೆ ರಿಲೀವರ್ ಬೇಕೇ ಬೇಕು. ಮೆಡಿಕಲ್ ಶಾಪಲ್ಲಿ "ಅದೇ ಸರ್, ಕಂಪನಿ ಬೇರೆ ಅಷ್ಟೆ" ಅಂತ ಕೊಟ್ಟಾಗ ಡಬ್ಬದ ಮೇಲಿನ ಎರಡು ಹೆಸರು ಮತ್ತು ಎರಡು ನಂಬರ್ ಓದಿ.

ಮೆಟ್ಟಿಲು ಅಂತೀರಲ್ಲ, ಎಷ್ಟು ಮೆಟ್ಟಿಲು? ನಾನು ಯಾವುದರಲ್ಲಿ ಇದೀನಿ?

ಔಷಧಿ ಎಷ್ಟು ಬೇಕು ಅನ್ನೋದರ ಮೇಲೆ ಐದು ಮೆಟ್ಟಿಲು. ಒಂದೇ ಪಂಪ್ ಪದ್ಧತಿಯಲ್ಲಿ ಮೊದಲ ಎರಡಕ್ಕೂ ಔಷಧಿ ಒಂದೇ: ದಿನಾ ತಗೊಳ್ಳೋದು ಏನೂ ಇಲ್ಲ, ಉಸಿರು ಹಿಡಿದಾಗ 200/6ರ ಒಂದು ಪಫ್, ಅಷ್ಟೆ. ತಿಂಗಳಿಗೋ ವಾರಕ್ಕೋ ಅಪರೂಪಕ್ಕೆ ತೊಂದರೆ ಆಗೋರಿಗೆ ಇದು ಸಾಕು. ಮೂರನೇ ಮೆಟ್ಟಿಲು ಅಂದ್ರೆ ಬೆಳಿಗ್ಗೆ ಒಂದು ರಾತ್ರಿ ಒಂದು ಪಫ್ (ಕೆಲವರಿಗೆ ದಿನಕ್ಕೆ ಒಂದೇ), ಜೊತೆಗೆ ಬೇಕಾದಾಗ ಒಂದೊಂದು. ವಾರದಲ್ಲಿ ಹೆಚ್ಚಿನ ದಿನ ತೊಂದರೆ ಇರೋರನ್ನ, ಇಲ್ಲಾ ವಾರಕ್ಕೊಮ್ಮೆಯಾದ್ರೂ ರಾತ್ರಿ ದಮ್ಮಿಂದ ಎದ್ದು ಕೂರೋರನ್ನ ನಾವು ಇಲ್ಲಿಂದಲೇ ಶುರು ಮಾಡ್ತೀವಿ. ನಾಲ್ಕನೇದರಲ್ಲಿ ಬೆಳಿಗ್ಗೆ ಎರಡು ರಾತ್ರಿ ಎರಡು, ಮತ್ತೆ ಬೇಕಾದಾಗ ಒಂದು. ಐದನೇದು ತಜ್ಞರ ಕೈಗೆ ಹೋಗೋ ಮೆಟ್ಟಿಲು, ಟಯೊಟ್ರೋಪಿಯಂ ಅನ್ನೋ ನಾಳ ಅಗಲಿಸೋ ಇನ್ನೊಂದು ಔಷಧಿ ಸೇರಿಸೋದು, ರಕ್ತದಲ್ಲಿ ಇಯೊಸಿನೊಫಿಲ್ ಅನ್ನೋ ಬಿಳಿ ಕಣ ಎಷ್ಟಿದೆ ನೋಡಿ ಊತ ಹುಟ್ಟಿಸೋ ಅಂಶವನ್ನೇ ತಡೆಯೋ ಬಯಾಲಾಜಿಕ್ ಇಂಜೆಕ್ಷನ್ ಬೇಕಾ ಅಂತ ಯೋಚಿಸೋದು ಎಲ್ಲಾ ಅಲ್ಲಿ.

ದಿನಾ ತಗೊಳ್ಳೋದೂ ಬೇಕಾದಾಗ ತಗೊಳ್ಳೋದೂ ಎಲ್ಲಾ ಸೇರಿ ಒಂದು ದಿನಕ್ಕೆ 200/6ರ 12 ಪಫ್ ಮೀರಬಾರದು. 12 ಅನ್ನೋದು ಕಟ್ಟಕಡೆ ಗಡಿ, ಅಲ್ಲಿವರೆಗೂ ಮನೆಯಲ್ಲೇ ಕಾಯಿರಿ ಅಂತ ಅರ್ಥ ಅಲ್ಲ.

ಕಂಟ್ರೋಲ್ ಇದೆಯಾ ಇಲ್ವಾ ಅಂತ ಡಾಕ್ಟರ್ ಹೇಗೆ ತೀರ್ಮಾನ ಮಾಡ್ತಾರೆ?

"ಹೇಗಿದೀರಿ" ಅಂತ ಕೇಳಿದ್ರೆ ನೂರಕ್ಕೆ ತೊಂಬತ್ತು ಜನ "ಆರಾಮ್ ಸರ್" ಅಂತಾರೆ. ಸುಳ್ಳು ಹೇಳ್ತಾರೆ ಅಂತಲ್ಲ. ವರ್ಷಗಟ್ಟಲೆ ದಮ್ಮು ಜೊತೆ ಬದುಕಿದೋರು ಮೆಟ್ಟಿಲು ಹತ್ತೋದು ಬಿಟ್ಟಿರ್ತಾರೆ, ಜೋರಾಗಿ ನಗೋದು ಬಿಟ್ಟಿರ್ತಾರೆ, ಮಾರ್ಕೆಟ್ಟಿಗೆ ನಡ್ಕೊಂಡು ಹೋಗ್ತಿದ್ದೋರು ಆಟೋ ಹತ್ತೋಕೆ ಶುರು ಮಾಡಿರ್ತಾರೆ, ಅದು ಅವರಿಗೆ ತೊಂದರೆ ಅಂತಲೇ ಅನ್ನಿಸಲ್ಲ. ಅದಕ್ಕೆ ಕಳೆದ ನಾಲ್ಕು ವಾರದ ಬಗ್ಗೆ ನಾಲ್ಕು ಪ್ರಶ್ನೆ ಕೇಳ್ತೀವಿ. ಹಗಲು ಹೊತ್ತು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಕೆಮ್ಮು, ಉಬ್ಬಸ, ಎದೆ ಬಿಗಿತ ಬಂತಾ? ಅಸ್ತಮಾದಿಂದ ಒಂದು ರಾತ್ರಿಯಾದ್ರೂ ನಿದ್ದೆಗೆಟ್ಟಿತಾ? ನೀಲಿ ಪಂಪ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯ್ತಾ? ಅಸ್ತಮಾದಿಂದ ಯಾವುದಾದ್ರೂ ಕೆಲಸ ಕಮ್ಮಿ ಮಾಡಿದ್ರಾ, ಬಿಟ್ರಾ?

ನಾಲ್ಕಕ್ಕೂ ಇಲ್ಲ ಅಂದ್ರೆ ಚೆನ್ನಾಗಿ ಕಂಟ್ರೋಲಲ್ಲಿದೆ. ಒಂದೋ ಎರಡೋ ಹೌದು ಅಂದ್ರೆ ಅರ್ಧಂಬರ್ಧ. ಮೂರು ನಾಲ್ಕು ಹೌದು ಅಂದ್ರೆ ಕಂಟ್ರೋಲ್ ಇಲ್ಲ. ರಾತ್ರಿ ಪ್ರಶ್ನೆಯಲ್ಲಿ ಒಂದೇ ರಾತ್ರಿಯೂ ಲೆಕ್ಕಕ್ಕೆ ಬರುತ್ತೆ ಅನ್ನೋದು ಗಮನಿಸಿ, ತಿಂಗಳಲ್ಲಿ ಒಂದು ಸಲ ಎದ್ದಿದ್ದು ಅಷ್ಟೇನಲ್ಲ ಬಿಡಿ ಅಂತ ಮುಚ್ಚಿಡಬೇಡಿ. ಒಂದೇ ಪಂಪ್ ಪದ್ಧತಿಯಲ್ಲಿ ಇರೋರಿಗೆ ಮೂರನೇ ಪ್ರಶ್ನೆ ಹಾಗೇ ಹೊಂದಲ್ಲ, ಯಾಕಂದ್ರೆ ಅವರ ರಿಲೀವರಲ್ಲೇ ಸ್ಟೀರಾಯ್ಡ್ ಇದೆ. ಅವರಿಗೆ ದಿನದ ಡೋಸ್ ಬಿಟ್ಟು ವಾರಕ್ಕೆ ಸರಾಸರಿ ಎಷ್ಟು ಹೆಚ್ಚುವರಿ ಪಫ್ ಬೇಕಾಯ್ತು, ಅದು ಏರ್ತಿದೆಯಾ ಇಳೀತಿದೆಯಾ ಅಂತ ನೋಡ್ತೀವಿ.

ಕೆಲವು ಕಡೆ ಎಸಿಟಿ ಅಂತ ಐದು ಪ್ರಶ್ನೆ ಚೀಟಿ ಕೊಡ್ತಾರೆ, ಒಟ್ಟು 25 ಮಾರ್ಕ್ಸ್. 20 ಮತ್ತು ಮೇಲೆ ಇದ್ರೆ ಒಳ್ಳೇದು, 16ರಿಂದ 19 ಸಾಲದು, 15 ಮತ್ತು ಕೆಳಗೆ ಇದ್ರೆ ತುಂಬಾ ಕೆಟ್ಟಿದೆ. ಒಂದು ವಿಸಿಟ್‌ನಿಂದ ಇನ್ನೊಂದಕ್ಕೆ ಮೂರು ಮಾರ್ಕ್ಸ್ ವ್ಯತ್ಯಾಸ ಆದ್ರೆ ಅದು ನಿಜವಾದ ಬದಲಾವಣೆ ಅಂತ ತಗೋಬಹುದು, ಒಂದು ಮಾರ್ಕ್ ಆಚೀಚೆ ಆದ್ರೆ ತಲೆ ಕೆಡಿಸ್ಕೊಳ್ಳೋದು ಬೇಡ.

ಆಕ್ಸಿಮೀಟರಲ್ಲಿ 98 ತೋರಿಸ್ತಿದೆ, ಹಂಗಾದ್ರೆ ಕಂಟ್ರೋಲ್ ಇದೆ ಅಂತ ತಾನೇ?

ಅಲ್ಲ. ಕೋವಿಡ್ ಆದಮೇಲೆ ಎಷ್ಟೋ ಮನೆಯಲ್ಲಿ ಆ ಮಿಷನ್ ಬಂತು, ಈ ತಪ್ಪು ತಿಳುವಳಿಕೆಯೂ ಅದರ ಜೊತೆಗೇ ಬಂತು. ರಾತ್ರಿ ಮೂರು ಗಂಟೆಗೆ ಎದ್ದು ಕೂತು ಕೆಮ್ಮೋರಿಗೂ ಬೆಳಿಗ್ಗೆ 98 ಇರುತ್ತೆ. ಅಸ್ತಮಾದಲ್ಲಿ ಆಕ್ಸಿಜನ್ ಇಳಿಯೋದು ತೀರಾ ಕೊನೆಗೆ, ಅಟ್ಯಾಕ್ ಜೋರಾದಾಗ. ಮನೆಯಲ್ಲಿ ಏನಾದ್ರೂ ಅಳೀಬೇಕು ಅಂದ್ರೆ ಎಷ್ಟು ಜೋರಾಗಿ ಊದ್ತೀರಿ ಅಂತ ತೋರಿಸೋ ಪೀಕ್ ಫ್ಲೋ ಮೀಟರ್ ತಗೊಳ್ಳಿ, ಚೆನ್ನಾಗಿರುವಾಗ ನಿಮ್ಮದೇ ಗರಿಷ್ಠ ಎಷ್ಟು ಅಂತ ಬರೆದಿಟ್ಕೊಂಡು ಕೆಟ್ಟ ದಿನ ಅದಕ್ಕೆ ಹೋಲಿಸಿ.

ನಾಲ್ಕು ಪ್ರಶ್ನೆಗೂ ಇಲ್ಲ ಅಂದೆ, ಆದ್ರೂ ಊದೋ ಟೆಸ್ಟ್ ಮಾಡಿಸಿ ಅಂತಾರೆ. ದುಡ್ಡು ಮಾಡೋಕಾ?

ಈ ಅನುಮಾನ ಅರ್ಥ ಆಗುತ್ತೆ. ಆದ್ರೆ ಇವತ್ತು ಹೇಗಿದೆ ಅನ್ನೋದು ಒಂದು, ಮುಂದೆ ದೊಡ್ಡ ಅಟ್ಯಾಕ್ ಬರೋ ಅಪಾಯ ಎಷ್ಟು ಅನ್ನೋದು ಇನ್ನೊಂದು, ಎರಡೂ ಬೇರೆ ಬೇರೆ. ಏನೂ ತೊಂದರೆ ಇಲ್ಲದೆಯೂ ಒಂದು ಸೆಕೆಂಡಲ್ಲಿ ಊದೋ ಗಾಳಿ ಇರಬೇಕಾದ್ದರ ನೂರಕ್ಕೆ 60ಕ್ಕಿಂತ ಕೆಳಗೆ ಇರೋರು ಇದ್ದಾರೆ, ಅವರಿಗೆ ಅಪಾಯ ಹೆಚ್ಚು. ಕಳೆದ ಒಂದು ವರ್ಷದಲ್ಲಿ ಸ್ಟೀರಾಯ್ಡ್ ಮಾತ್ರೆ ಬೇಕಾಗೋ ಅಷ್ಟು ಜೋರಾದ ಅಟ್ಯಾಕ್ ಒಂದು ಆಗಿದ್ರೂ, ಬೀಡಿ ಸಿಗರೇಟ್ ಇದ್ರೂ ಅಪಾಯ ಏರುತ್ತೆ. ಟೆಸ್ಟ್ ಪ್ರತಿ ಸಲ ಬೇಕಿಲ್ಲ, ಶುರುವಲ್ಲಿ ಒಂದು, ಔಷಧಿ ಶುರುವಾದ ಮೂರರಿಂದ ಆರು ತಿಂಗಳಿಗೆ ಒಂದು, ಆಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಂದು ಸಾಕು.

ಕಂಟ್ರೋಲ್ ಇಲ್ಲ ಅಂದ್ರೆ ಡೋಸ್ ಏರಿಸಿದ್ರಾಯ್ತಲ್ಲ?

ನಾನೂ ಮೊದಮೊದಲು ಹಾಗೇ ಮಾಡ್ತಿದ್ದೆ, ತಪ್ಪು ಅಂತ ಆಮೇಲೆ ಗೊತ್ತಾಯ್ತು. ಉದಾಹರಣೆಗೆ ಅಂತ ಒಂದು ಕೇಸ್ ಕಟ್ಟಿಕೊಂಡು ಪೂರ್ತಿ ಹೇಳ್ತೀನಿ, ಇಂಥವರು ಓಪಿಡಿಯಲ್ಲಿ ದಿನಾ ಸಿಗ್ತಾರೆ.

36 ವರ್ಷದ ಒಬ್ಬ ಟೀಚರಮ್ಮ, ಹಾಸನದ ಕಡೆ ಹಳ್ಳಿ ಸ್ಕೂಲು. ಹತ್ತು ವರ್ಷದಿಂದ ನೀಲಿ ಪಂಪ್ ಒಂದೇ. ವಾರದಲ್ಲಿ ಐದು ದಿನ ಉಬ್ಬಸ, ವಾರಕ್ಕೊಂದು ರಾತ್ರಿ ಎದ್ದು ಕೂರೋದು, ಎಸಿಟಿ 13, ಊದೋ ಟೆಸ್ಟಲ್ಲಿ ನೂರಕ್ಕೆ 72. ಮೂರನೇ ಮೆಟ್ಟಿಲಿಂದ ಶುರು, ಬೆಳಿಗ್ಗೆ ಒಂದು ರಾತ್ರಿ ಒಂದು, ಬೇಕಾದಾಗ ಒಂದು. ಆರು ವಾರಕ್ಕೆ ವಾಪಸ್ ಬಂದ್ರು. "ಹೇಗಿದೀರಮ್ಮ?" "ಪರವಾಗಿಲ್ಲ ಡಾಕ್ಟ್ರೇ, ಆರಾಮ್." ಪ್ರಶ್ನೆ ಕೇಳಿದ್ರೆ ವಾರಕ್ಕೆ ಮೂರು ಸಲ ಉಬ್ಬಸ ಇದೆ, ತಿಂಗಳಲ್ಲಿ ಎರಡು ರಾತ್ರಿ ಎದ್ದಿದಾರೆ, ಸ್ಕೂಲಿನ ಮೇಲಿನ ಮಹಡಿಗೆ ಹೋಗೋ ಕ್ಲಾಸನ್ನ ಬೇರೆಯವರಿಗೆ ಬಿಟ್ಟುಕೊಟ್ಟಿದಾರೆ. ಮೂರು ಹೌದು, ಅಂದ್ರೆ ಕಂಟ್ರೋಲ್ ಇಲ್ಲ. ಅಲ್ಲಿಗೇ ನಿಲ್ಲಿಸಿದ್ರೆ ನಾಲ್ಕನೇ ಮೆಟ್ಟಿಲಿಗೆ ಏರಿಸಬೇಕು.

ಆದ್ರೆ ಇನ್ನೆಷ್ಟು ಪಫ್ ಉಳಿದಿದೆ ಅಂತ ತೋರಿಸೋ, ಪಂಪ್ ಹಿಂದೆ ಇರೋ ಕೌಂಟರ್ ನೋಡಿದ್ರೆ ಬೇರೆ ಕಥೆ. 120 ಡೋಸಿನ ಪಂಪ್. ದಿನಕ್ಕೆ ಎರಡರಂತೆ 42 ದಿನಕ್ಕೆ 84 ಪಫ್ ಖರ್ಚಾಗಿರಬೇಕು, ಬೇಕಾದಾಗ ಹೊಡೆದಿದ್ದು ಸೇರಿದ್ರೆ ಇನ್ನೂ ಹೆಚ್ಚು, ಕೌಂಟರ್ 36ಕ್ಕಿಂತ ಕೆಳಗೆ ಇರಬೇಕು. ಅಲ್ಲಿ ಇದ್ದಿದ್ದು 82, ಅಂದ್ರೆ ಬರೀ 38 ಪಫ್ ಹೋಗಿದೆ, ಅರ್ಧಕ್ಕಿಂತ ಕಮ್ಮಿ. ಬೈಯದೆ ಕೇಳಿದ್ಮೇಲೆ ಹೇಳಿದ್ರು, ಅತ್ತೆ "ಸ್ಟೀರಾಯ್ಡ್ ಅದು, ಅಭ್ಯಾಸ ಆಗಿಬಿಡುತ್ತೆ" ಅಂದ್ರಂತೆ, ಅದಕ್ಕೆ ಜಾಸ್ತಿಯಾದ ದಿನ ಮಾತ್ರ ಇದು, ಮಿಕ್ಕ ದಿನ ಬ್ಯಾಗಲ್ಲಿದ್ದ ಹಳೇ ನೀಲಿದು. "ನನ್ನೆದುರು ಒಂದು ಪಫ್ ತಗೊಳ್ಳಿ" ಅಂದೆ. ಅಲ್ಲಾಡಿಸಲಿಲ್ಲ, ಉಸಿರು ಹೊರಗೆ ಬಿಡಲಿಲ್ಲ, ಮೊದಲು ಒತ್ತಿ ಆಮೇಲೆ ಎಳೆದ್ರು, ಔಷಧಿ ಬಾಯಿಂದ ಹೊಗೆ ಥರ ವಾಪಸ್ ಬಂತು.

ಅಂದ್ರೆ ಮೂರನೇ ಮೆಟ್ಟಿಲು ಸೋತಿಲ್ಲ, ಅದನ್ನ ಅವರು ಇನ್ನೂ ಹತ್ತಿಯೇ ಇಲ್ಲ. ಡೋಸ್ ಏರಿಸಲಿಲ್ಲ. ಪಂಪಿಗೆ ಸಿಕ್ಕಿಸೋ ಡಬ್ಬಿ ಥರದ ಸ್ಪೇಸರ್ ಕೊಟ್ಟು ಎದುರಿಗೇ ಮೂರು ಸಲ ಮಾಡಿಸಿದೆ, ಬೆಳಿಗ್ಗೆ ಹಲ್ಲುಜ್ಜೋ ಜಾಗದಲ್ಲೇ ಪಂಪ್ ಇಡಿ ಅಂದೆ, ನೀಲಿದನ್ನ ಬ್ಯಾಗಿಂದ ತೆಗೆಸಿದೆ. ಮೂರು ತಿಂಗಳಿಗೆ ಬಂದಾಗ ನಾಲ್ಕು ಪ್ರಶ್ನೆಗೂ ಇಲ್ಲ, ಹೆಚ್ಚುವರಿ ಪಫ್ ವಾರಕ್ಕೆ ಒಂದು, ಎಸಿಟಿ 22, ಊದೋ ಟೆಸ್ಟ್ 89. ಅದೇ ಔಷಧಿ, ಅದೇ ಡೋಸ್, ಈ ಸಲ ಪುಪ್ಪುಸಕ್ಕೆ ತಲುಪಿತು.

ಕೌಂಟರ್ ಸರಿ ಇದ್ದು, ತಗೊಳ್ಳೋ ವಿಧಾನ ಸರಿ ಇದ್ದು, ಮನೆಯಲ್ಲಿ ಸೌದೆ ಹೊಗೆ, ಅಗರಬತ್ತಿ, ಕೆಲಸದ ಕಡೆ ಧೂಳು, ಮೂಗಿನ ಅಲರ್ಜಿ, ಬಿಪಿಗೆ ಕೊಟ್ಟಿರೋ ಬೀಟಾ ಬ್ಲಾಕರ್ ಇವೆಲ್ಲಾ ನೋಡಿ ಆದ್ಮೇಲೂ ಮೂರು ಹೌದು ಬಂದ್ರೆ ಆಗ ನಾಲ್ಕನೇ ಮೆಟ್ಟಿಲು, ಎರಡು ಮೂರು ತಿಂಗಳು ಅಲ್ಲಿ ನೋಡೋದು. ಏರಿಸಿಯೂ ಏನೂ ಬದಲಾಗಲಿಲ್ಲ ಅಂದ್ರೆ ಅಲ್ಲೇ ಬಿಟ್ಟುಬಿಡೋದಲ್ಲ, ವಾಪಸ್ ಇಳಿಸಿ ಇದು ನಿಜಕ್ಕೂ ಅಸ್ತಮಾನೇನಾ ಅಂತ ಮತ್ತೆ ಮೊದಲಿಂದ ನೋಡಬೇಕು.

ಪಂಪ್ ಸರಿಯಾಗಿ ತಗೊಳ್ಳೋದು ಹೇಗೆ?

ಸ್ಪ್ರೇ ಪಂಪ್ ಆದ್ರೆ ಚೆನ್ನಾಗಿ ಅಲ್ಲಾಡಿಸಿ, ಉಸಿರೆಲ್ಲಾ ಹೊರಗೆ ಬಿಡಿ, ತುಟಿ ಬಿಗಿಯಾಗಿ ಮುಚ್ಚಿ, ನಿಧಾನಕ್ಕೆ ಎಳೆಯೋಕೆ ಶುರು ಮಾಡ್ತಾ ಒತ್ತಿ, ಪೂರ್ತಿ ಎಳೆದು ಹತ್ತು ಎಣಿಸೋವರೆಗೆ ಹಿಡ್ಕೊಳ್ಳಿ. ಸ್ಪೇಸರ್ ಇದ್ರೆ ಟೈಮಿಂಗ್ ತಾಪತ್ರಯ ಇಲ್ಲ. ಕ್ಯಾಪ್ಸೂಲ್ ಹಾಕಿ ಎಳೆಯೋ ಪುಡಿ ಇನ್‌ಹೇಲರ್ ಇದಕ್ಕೆ ಉಲ್ಟಾ, ಅದರಲ್ಲಿ ಜೋರಾಗಿ ದೀರ್ಘವಾಗಿ ಎಳೀಬೇಕು, ಇಲ್ಲಾಂದ್ರೆ ಪುಡಿ ಮೇಲೇಳಲ್ಲ. ಅದರೊಳಗೆ ಊದಬೇಡಿ. ಆ ಕ್ಯಾಪ್ಸೂಲ್ ನೀರಲ್ಲಿ ನುಂಗೋದಲ್ಲ, ನುಂಗಿದೋರನ್ನ ನೋಡಿದೀನಿ, ಅದಕ್ಕೇ ಬರೀತಿದೀನಿ. ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ, ಬಾಯಲ್ಲಿ ಬಿಳಿ ಫಂಗಸ್ ಆಗದಿರೋಕೆ.

ಸ್ಟೀರಾಯ್ಡ್ ಅಂದ್ರೆ ಭಯ. ನಿಜ ಹೇಳಿ.

ಪಂಪಿನ ಒಂದು ಪಫ್ 200 ಮೈಕ್ರೋಗ್ರಾಂ, ಸೀದಾ ಶ್ವಾಸನಾಳಕ್ಕೆ ಹೋಗುತ್ತೆ, ರಕ್ತಕ್ಕೆ ಸೇರೋದು ಸ್ವಲ್ಪ. ಮೂರನೇ ಮೆಟ್ಟಿಲಿನ ದಿನಕ್ಕೆ 400 ಮೈಕ್ರೋಗ್ರಾಂ ಅನ್ನೋದು ಇನ್ನೂ ಲೋ ಡೋಸ್ ಅಂತಲೇ ಲೆಕ್ಕ. ಬಾಯಿ ಫಂಗಸ್, ಸ್ವಲ್ಪ ಧ್ವನಿ ಒಡೆಯೋದು, ಇವೇ ಮುಖ್ಯ ತೊಂದರೆ. ತುಂಬಾ ವರ್ಷ ಹೈ ಡೋಸಲ್ಲಿ ಇರೋರಿಗೆ ಮೂಳೆ, ಕಣ್ಣಿನ ಪೊರೆ ಬಗ್ಗೆ ಗಮನ ಬೇಕು, ಅದಕ್ಕೇ ನಾವು ಇಳಿಸೋಕೆ ನೋಡೋದು. ನಿಜವಾಗಿ ಹೆದರಬೇಕಾದ್ದು ಅಟ್ಯಾಕ್ ಬಂದಾಗಲೆಲ್ಲಾ ತಗೊಳ್ಳೋ ಸ್ಟೀರಾಯ್ಡ್ ಮಾತ್ರೆಗೆ. ಜೀವಮಾನದಲ್ಲಿ ಅಂಥ ನಾಲ್ಕೈದು ಕೋರ್ಸ್ ಆದ್ರೂ ಶುಗರ್, ಮೂಳೆ ಸವೆತದ ಅಪಾಯ ಏರುತ್ತೆ. ಪಂಪ್ ಬಿಟ್ಟೋರೇ ಕೊನೆಗೆ ಆ ಮಾತ್ರೆಗೆ ಬರೋದು.

ಆರಾಮಾಗಿದೀನಿ, ಇನ್ನು ನಿಲ್ಲಿಸಬಹುದಾ?

ನಿಲ್ಲಿಸೋದಲ್ಲ, ಇಳಿಸೋದು. ಮೂರು ತಿಂಗಳು ಪೂರ್ತಿ ಚೆನ್ನಾಗಿದ್ದು, ಊದೋ ಟೆಸ್ಟೂ ಒಂದು ಮಟ್ಟಕ್ಕೆ ಬಂದು ನಿಂತಿದ್ರೆ ಒಂದೊಂದೇ ಮೆಟ್ಟಿಲು ಇಳೀಬಹುದು. ಸ್ಟೀರಾಯ್ಡ್ ಪ್ರಮಾಣ ಒಂದು ಸಲಕ್ಕೆ ಕಾಲು ಭಾಗದಿಂದ ಅರ್ಧ ಭಾಗ ಇಳಿಸಿ ಮತ್ತೆ ಮೂರು ತಿಂಗಳು ನೋಡೋದು. ಆ ಟೀಚರಮ್ಮನಿಗೆ ದಿನಕ್ಕೆ ಎರಡರಿಂದ ಒಂದಕ್ಕೆ ಇಳಿಸಿ, ಅದೂ ಚೆನ್ನಾಗಿ ಹೋದ್ರೆ ಬೇಕಾದಾಗ ಮಾತ್ರ ಅನ್ನೋದಕ್ಕೆ ತರೋದು. ಅದಕ್ಕಿಂತ ಕೆಳಗೆ ಮೆಟ್ಟಿಲಿಲ್ಲ, ಸ್ಟೀರಾಯ್ಡ್ ಇಲ್ಲದ ಬರೀ ನೀಲಿ ಪಂಪಿಗೆ ವಾಪಸ್ ಹೋಗೋದು ಇಳಿಯೋದಲ್ಲ, ಬೀಳೋದು.

ಟೈಮೂ ನೋಡ್ಬೇಕು. ನೆಗಡಿ ಇದ್ದಾಗ, ದೂರದೂರು ಪ್ರಯಾಣಕ್ಕೆ ಹೊರಟಾಗ, ಗರ್ಭಿಣಿ ಇದ್ದಾಗ ಇಳಿಸಬಾರದು. ದೀಪಾವಳಿ ಪಟಾಕಿ ಹೊಗೆ ಎದುರಿಗೇ ಇರುವಾಗ ನಾನು ಇಳಿಸಲ್ಲ, ಅದು ಕಳೆದ್ಮೇಲೆ ನೋಡೋಣ ಅಂತೀನಿ. ಇಳಿಸಿದ್ಮೇಲೆ ರಾತ್ರಿ ಕೆಮ್ಮು ಮತ್ತೆ ಶುರುವಾದ್ರೆ, ಹೆಚ್ಚುವರಿ ಪಫ್ ವಾರಕ್ಕೆ ಒಂದಿದ್ದಿದ್ದು ನಾಲ್ಕೈದು ಆದ್ರೆ ಹಿಂದಿನ ಮೆಟ್ಟಿಲಿಗೆ ವಾಪಸ್.

ನೆಗಡಿ ಆದಾಗ ಕೆಟ್ಟುಹೋಗುತ್ತೆ. ಎಷ್ಟರವರೆಗೆ ಮನೇಲಿ ನೋಡ್ಕೋಬಹುದು?

ದಿನದ ಡೋಸ್ ಬಿಡದೆ, ಬೇಕಾದಾಗ ಒಂದೊಂದು ಪಫ್ ಜಾಸ್ತಿ ಮಾಡ್ಕೊಳ್ಳಿ, ಎರಡು ಮೂರು ದಿನದಲ್ಲಿ ಇಳೀಬೇಕು. ಇಳೀಲಿಲ್ಲ ಅಂದ್ರೆ ಅಥವಾ ದಿನದಿಂದ ದಿನಕ್ಕೆ ಪಫ್ ಏರ್ತಾನೇ ಹೋದ್ರೆ ಡಾಕ್ಟರ್ ಹತ್ರ ಹೋಗಿ. ಒಂದು ವಾಕ್ಯ ಪೂರ್ತಿ ಹೇಳೋಕೆ ಉಸಿರು ಸಾಲ್ತಿಲ್ಲ, ಪಂಪ್ ಹೊಡೆದ್ರೂ ಇಳೀತಿಲ್ಲ, ತುಟಿ ನೀಲಿ ಆಗ್ತಿದೆ ಅಂದ್ರೆ ಬೆಳಗಾಗೋವರೆಗೆ ಕಾಯೋ ಮಾತೇ ಇಲ್ಲ, 108ಕ್ಕೆ ಫೋನ್ ಮಾಡಿ, ಪಂಪ್ ಹೊಡೀತಾನೇ ಆಸ್ಪತ್ರೆಗೆ ಹೊರಡಿ. ಅಟ್ಯಾಕ್ ಆಗಿ ಮನೆಗೆ ಬಂದ್ಮೇಲೆ ಒಂದು ವಾರದೊಳಗೆ ಮತ್ತೆ ತೋರಿಸಬೇಕು, ನೆಬುಲೈಸ್ ಮಾಡಿಸ್ಕೊಂಡು ಸರಿಹೋಯ್ತು ಅಂತ ಎಷ್ಟೋ ಜನ ಬರೋದೇ ಇಲ್ಲ.

ಮೃಗಶಿರಾ ದಿನ ಹೈದರಾಬಾದಿಗೆ ಮೀನಿನ ಔಷಧಿಗೆ ಹೋಗ್ತೀವಿ. ಪಂಪ್ ಬಿಡಬೇಕಾ?

ಬೀದರ್, ಕಲಬುರಗಿ ಕಡೆಯೋರು ಇದನ್ನ ಕೇಳೇ ಕೇಳ್ತಾರೆ. ಹೋಗೋದು ನಿಮ್ಮ ನಂಬಿಕೆ, ನಾನು ತಡೆಯಲ್ಲ. ಪಂಪ್ ಮಾತ್ರ ಜೇಬಲ್ಲಿರಲಿ, ದಿನದ ಡೋಸ್ ಒಂದು ಹೊತ್ತೂ ತಪ್ಪದಿರಲಿ. ಆ ಜನಜಂಗುಳಿ, ಧೂಳು, ಪ್ರಯಾಣ, ಅದರ ಮೇಲೆ ಪಂಪ್ ಬಿಟ್ಟ ನಾಲ್ಕು ದಿನ, ಎಲ್ಲಾ ಸೇರಿದ್ರೆ ದೊಡ್ಡ ಅಟ್ಯಾಕ್ ಬರಬಹುದು.

ಗರ್ಭಿಣಿ ಆದ್ರೆ?

ಪಂಪ್ ಮುಂದುವರಿಸಿ. ಮಗುವಿಗೆ ಅಪಾಯ ಪಂಪಿಗಿಂತ ತಾಯಿಗೆ ಬರೋ ಅಟ್ಯಾಕಿಂದ ಹೆಚ್ಚು.

ಎಷ್ಟು ದಿನಕ್ಕೊಮ್ಮೆ ಬರಬೇಕು, ಬರುವಾಗ ಏನು ತರಬೇಕು?

ಹೊಸದಾಗಿ ಶುರುವಾದ್ರೆ ಒಂದರಿಂದ ಮೂರು ತಿಂಗಳೊಳಗೆ, ಆಮೇಲೆ ಹೇಗಿದೆ ಅನ್ನೋದ್ರ ಮೇಲೆ ಮೂರು ತಿಂಗಳಿಂದ ವರ್ಷದೊಳಗೆ. ಬರುವಾಗ ಎಲ್ಲಾ ಪಂಪ್ ತನ್ನಿ, ಖಾಲಿಯಾದದ್ದೂ ಸೇರಿ, ಬೇರೆ ಡಾಕ್ಟರ್ ಕೊಟ್ಟಿದ್ದೂ ಸೇರಿ. ಕೌಂಟರ್ ಇಲ್ಲದ ಪಂಪ್ ಆದ್ರೆ ಶುರು ಮಾಡಿದ ತಾರೀಕನ್ನ ಅದರ ಮೇಲೆ ಒಂದು ತುಂಡು ಪ್ಲಾಸ್ಟರ್ ಅಂಟಿಸಿ ಬರೀರಿ. ಕ್ಯಾಲೆಂಡರಲ್ಲಿ ಹೆಚ್ಚುವರಿ ಪಫ್ ತಗೊಂಡ ದಿನಕ್ಕೆ ಒಂದು ಗೆರೆ, ರಾತ್ರಿ ಎದ್ದ ದಿನಕ್ಕೆ ಒಂದು ಸೊನ್ನೆ ಹಾಕಿ, ಆ ಹಾಳೆಯ ಫೋಟೋ ಮೊಬೈಲಲ್ಲಿ ತೋರಿಸಿದ್ರೂ ಸಾಕು.